ಗ್ರೋ ಬ್ಯಾಗಿನ ಟೊಮೆಟೊ, ಮೆಣಸಿನ ಗಿಡ ಬೇಸಿಗೆಯಲ್ಲಿ ಹೂ ಉದುರಿಸುತ್ತಿದೆಯಾ? ಕಲಬುರಗಿ ಮಾಳಿಗೆಗೆ ಒಂದು ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಬಂತೆಂದರೆ ಕಲಬುರಗಿ, ಯಾದಗಿರಿ ಕಡೆ ಮಾಳಿಗೆ ಮೇಲೆ ಗಿಡ ಇಟ್ಟವರದೆಲ್ಲ ಒಂದೇ ಮಾತು: "ಹೂ ಭಾಳ ಬಿಡ್ತಾವ್ರೀ, ಒಂದೂ ಕಾಯಿ ನಿಲ್ಲವಲ್ದು." ಗಿಡ ಹಸಿರಾಗಿಯೇ ಇರುತ್ತದೆ. ಹೂವೂ ಗೊಂಚಲು ಗೊಂಚಲಾಗಿ ಬರುತ್ತದೆ. ಎರಡು ಮೂರು ದಿನಕ್ಕೆ ತೊಟ್ಟು ಹಳದಿಯಾಗಿ ಕೆಳಗೆ ಬಿದ್ದಿರುತ್ತದೆ. ಆಗ ಜನ ಮಾಡುವುದು ಮೂರೇ ಕೆಲಸ. ಗೊಬ್ಬರ ಹಾಕುತ್ತಾರೆ, ನೀರು ಜಾಸ್ತಿ ಮಾಡುತ್ತಾರೆ, ಅಂಗಡಿಗೆ ಹೋಗಿ ಹೂ ನಿಲ್ಲಿಸುವ ಔಷಧಿ ತರುತ್ತಾರೆ. ಈ ಮೂರರಿಂದ ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ. ಯಾಕೆಂದರೆ ನಮ್ಮ ಕಡೆ ಹೂ ಉದುರುವುದಕ್ಕೆ ಮುಖ್ಯ ಕಾರಣ ಎರಡು. ಒಂದು ರಾತ್ರಿಯ ಬಿಸಿ, ಇನ್ನೊಂದು ಬ್ಯಾಗಿನೊಳಗಿನ ಬಿಸಿ. ಮೊದಲನೆಯದನ್ನು ಸ್ವಲ್ಪ ಮಾತ್ರ ಇಳಿಸಬಹುದು, ಎರಡನೆಯದನ್ನು ಚೆನ್ನಾಗಿಯೇ ಇಳಿಸಬಹುದು.

ಹೂ ಯಾಕೆ ಬೀಳುತ್ತದೆ

ಟೊಮೆಟೊ ಹೂವಿಗೆ ಗಂಡು, ಹೆಣ್ಣು ಎರಡೂ ಒಂದರಲ್ಲೇ ಇರುತ್ತವೆ. ನಡುವೆ ಹಸಿರು ಕಡ್ಡಿ, ಅದರ ಸುತ್ತ ಹಳದಿ ಕೊಳವೆ. ಕೊಳವೆಯಿಂದ ಪರಾಗದ ಪುಡಿ ಉದುರಿ ಕಡ್ಡಿಯ ತುದಿಗೆ ಅಂಟಿದರೆ ಕಾಯಿ ಕಟ್ಟುತ್ತದೆ. ಅಂಟದಿದ್ದರೆ, ಅಥವಾ ಅಂಟಿದ ಪುಡಿಯಲ್ಲಿ ಜೀವ ಇಲ್ಲದಿದ್ದರೆ, ಗಿಡ ಆ ಹೂವನ್ನು ತಾನೇ ಕಳಚಿ ಹಾಕುತ್ತದೆ. ಟೊಮೆಟೊ ಹೂವಿನ ತೊಟ್ಟು ನೋಡಿ, ನಡುವೆ ಒಂದು ಸಣ್ಣ ಗಂಟು ಕಾಣುತ್ತದೆ. ಸರಿಯಾಗಿ ಅಲ್ಲೇ ಮುರಿದು ಬೀಳುತ್ತದೆ.

ಹಗಲು 32ರಿಂದ 35 ಡಿಗ್ರಿ ದಾಟಿ, ರಾತ್ರಿ 24 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಹೆಚ್ಚಿನ ಟೊಮೆಟೊ ತಳಿಗಳಲ್ಲಿ ಪರಾಗ ಕೆಡುತ್ತದೆ. ಕಲಬುರಗಿಯಲ್ಲಿ ಏಪ್ರಿಲ್ ಕೊನೆಗೆ, ಮೇ ತಿಂಗಳಲ್ಲಿ ಹಗಲು 40 ದಾಟುವುದು ಮಾಮೂಲು, ರಾತ್ರಿಯೂ 25, 26ರ ಆಸುಪಾಸಲ್ಲೇ ನಿಲ್ಲುತ್ತದೆ. ಬೀದರ್ ಎತ್ತರದಲ್ಲಿದೆ, ಅಲ್ಲಿ ಒಂದೆರಡು ಡಿಗ್ರಿ ಕಡಿಮೆ. ಅದಕ್ಕೇ ಬೀದರಿನವರಿಗೆ ಮಾರ್ಚ್ ಕೊನೆಯವರೆಗೂ, ಕೆಲವು ವರ್ಷ ಏಪ್ರಿಲ್ ನಡುವಿನವರೆಗೂ ಕಾಯಿ ನಿಲ್ಲುತ್ತದೆ. ಮೆಣಸಿನಕಾಯಿ ಟೊಮೆಟೊಗಿಂತ ಸ್ವಲ್ಪ ಗಟ್ಟಿ. ಅದರಲ್ಲೂ ಸಣ್ಣ, ಖಾರದ ತಳಿಗಳು ದೊಡ್ಡ ಮೆಣಸಿನಕಾಯಿಗಿಂತ, ದೊಣ್ಣೆ ಮೆಣಸಿನಕಾಯಿಗಿಂತ ಚೆನ್ನಾಗಿ ತಾಳುತ್ತವೆ. ಟೊಮೆಟೊದಲ್ಲೂ ಹಾಗೇ, ಚೆರ್ರಿ ಟೊಮೆಟೊ ನಿಂತಾಗ ದೊಡ್ಡ ಹಣ್ಣಿನದು ಕೈಕೊಡುತ್ತದೆ.

ಇನ್ನೊಂದು ವಿಷಯವಿದೆ, ಇದು ತಿಳಿಯದೆ ಹೋದರೆ ಮುಂದಿನದೆಲ್ಲ ಗೊಂದಲ. ಪರಾಗ ಕೆಡುವುದು ಹೂ ಅರಳಿದ ದಿನ ಅಲ್ಲ. ಅರಳುವುದಕ್ಕೆ ಒಂದು ವಾರದಿಂದ ಹನ್ನೆರಡು ದಿನ ಮೊದಲು, ಮೊಗ್ಗು ಇನ್ನೂ ಚಿಕ್ಕದಿದ್ದಾಗಲೇ ಪರಾಗ ತಯಾರಾಗುತ್ತಿರುತ್ತದೆ, ಬಿಸಿ ಅದನ್ನು ಹೊಡೆಯುವುದು ಆಗ. ಅಂದರೆ ನೀವು ಇವತ್ತು ನೆರಳು ಕಟ್ಟಿದರೆ ನಾಳೆ ಅರಳುವ ಹೂವಿಗೆ ಅದರಿಂದ ದೊಡ್ಡ ಲಾಭವಿಲ್ಲ. ಈಗ ಸಾಸಿವೆ ಕಾಳಿನಷ್ಟಿರುವ ಮೊಗ್ಗಿಗೆ ಲಾಭ. ಎರಡು ದಿನ ನೋಡಿ "ಏನೂ ಆಗಲಿಲ್ಲ" ಎಂದು ನೆಟ್ ಬಿಚ್ಚುವವರು ಬಹಳ ಜನ. ಕನಿಷ್ಠ ಎರಡು ವಾರ ಬಿಡಿ.

ಮೊದಲು ಪತ್ತೆ ಮಾಡಿ: ಬಿಸಿಯಿಂದಲೇ ಉದುರುತ್ತಿದೆಯಾ?

ಬೆಳಿಗ್ಗೆ ಎಂಟು ಗಂಟೆ ಹೊತ್ತಿಗೆ ಅರಳಿದ ಒಂದು ಟೊಮೆಟೊ ಹೂವನ್ನು ಹತ್ತಿರದಿಂದ ನೋಡಿ. ಹಸಿರು ಕಡ್ಡಿ ಹಳದಿ ಕೊಳವೆಯಿಂದ ಹೊರಗೆ ಚಾಚಿಕೊಂಡಿದ್ದರೆ ಅದು ಬಿಸಿಯ ಗುರುತು. ಕಡ್ಡಿಯ ತುದಿ ಹೊರಗೆ ಬಂದುಬಿಟ್ಟರೆ ಒಳಗಿನ ಪುಡಿ ಅದಕ್ಕೆ ತಾಕುವುದೇ ಇಲ್ಲ. ಆಮೇಲೆ ಹೂವಿನ ಕೆಳಗೆ ಕಪ್ಪು ಕಾಗದ ಹಿಡಿದು (ಆಫ್ ಮಾಡಿದ ಮೊಬೈಲ್ ಸ್ಕ್ರೀನ್ ಕೂಡ ಆಗುತ್ತದೆ) ಬೆರಳಿಂದ ತೊಟ್ಟನ್ನು ನಾಲ್ಕೈದು ಸಲ ತಟ್ಟಿ. ಹಳದಿ ಪುಡಿ ಬೀಳಬೇಕು. ಏನೂ ಬೀಳದಿದ್ದರೆ ಪರಾಗವೇ ಹೊರಬರುತ್ತಿಲ್ಲ. ಬಿದ್ದರೂ ಅದರಲ್ಲಿ ಜೀವ ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಆದರೆ ಕೈಯಿಂದ ತಟ್ಟುವ ಕೆಲಸ ಮಾಡಿ ನೋಡಬಹುದು ಅಂತ ಅರ್ಥ.

ಮೆಣಸಿನ ಗಿಡದಲ್ಲಿ ಮಾತ್ರ ಬಿಸಿಯನ್ನು ಬೈಯುವ ಮೊದಲು ಥ್ರಿಪ್ಸ್ ಹುಳ ಇದೆಯೇ ನೋಡಲೇಬೇಕು. ಬಿಳಿ ಕಾಗದದ ಮೇಲೆ ಹೂವನ್ನು ಕೊಡವಿ. ಸಣ್ಣ ಗೀರಿನಂಥ ಹುಳಗಳು, ಹಳದಿಯೋ ಕಪ್ಪೋ, ಓಡಾಡಿದರೆ ಅದೇ ಥ್ರಿಪ್ಸ್. 2021-22ರಲ್ಲಿ ತೆಲಂಗಾಣ, ಆಂಧ್ರ, ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳು ಮಾಡಿದ ಕಪ್ಪು ಥ್ರಿಪ್ಸ್ ಮುಖ್ಯವಾಗಿ ಹೂವಿನೊಳಗೇ ಕೂರುತ್ತದೆ, ಹೂ ಕಂದಾಗಿ ಉದುರುತ್ತದೆ. ಎಲೆ ಮೇಲ್ಮುಖವಾಗಿ ದೋಣಿ ಥರ ಮಡಚಿದ್ದರೆ ಥ್ರಿಪ್ಸ್, ಕೆಳಮುಖವಾಗಿ ಮಡಚಿದ್ದರೆ ಸಾಮಾನ್ಯವಾಗಿ ಮೈಟ್ ನುಸಿ. ಇವು ಇದ್ದರೆ ನೆರಳು ಕಟ್ಟಿ ಏನೂ ಆಗುವುದಿಲ್ಲ. ನೀಲಿ ಅಂಟು ಹಾಳೆ ತೂಗುಹಾಕಿ, ಸಂಜೆ ಬಿಸಿಲು ಪೂರ್ತಿ ಇಳಿದ ಮೇಲೆ ಬೇವಿನೆಣ್ಣೆಯನ್ನು ಲೀಟರ್ ನೀರಿಗೆ 3ರಿಂದ 5 ಮಿಲಿ, ಎರಡು ಹನಿ ಸೋಪಿನ ನೀರು ಬೆರೆಸಿ ಎಲೆಯ ಅಡಿ, ಹೂವಿನ ಬುಡ ನೆನೆಯುವಂತೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ನಮ್ಮ ಬಿಸಿಲಲ್ಲಿ ಬೆಳಿಗ್ಗೆ ಹೊಡೆದರೆ ಮಧ್ಯಾಹ್ನಕ್ಕೆ ಎಲೆ ಸುಡುತ್ತದೆ, ಅದಕ್ಕೆ ಸಂಜೆಯೇ.

ಹುಳ ಇಲ್ಲ, ಎಲೆ ದಟ್ಟ ಹಸಿರು, ಗಿಡ ಎತ್ತರಕ್ಕೆ ಹೋಗುತ್ತಲೇ ಇದೆ, ಹೂ ಕಡಿಮೆ ಬಂದು ಬಂದದ್ದೂ ಬೀಳುತ್ತಿದೆ ಎಂದಾದರೆ ಸಾರಜನಕ ಜಾಸ್ತಿಯಾಗಿದೆ. ಶೇಂಗಾ ಹಿಂಡಿ ನೀರು ವಾರ ವಾರ ಹಾಕುವವರ ಗಿಡ ಹೀಗೇ ಇರುತ್ತದೆ.

ಹೆಜ್ಜೆ 1: ಬ್ಯಾಗನ್ನು ನೆಲದಿಂದ ಎತ್ತಿ, ಜಾಗ ಬದಲಿಸಿ

ನೆಟ್ ಕೊಳ್ಳುವ ಮೊದಲು ಈ ಕೆಲಸ ಮಾಡಿ, ದುಡ್ಡು ಬೇಕಿಲ್ಲ. ಮಧ್ಯಾಹ್ನ ಮೂರಕ್ಕೆ ಬ್ಯಾಗಿನ ಪಶ್ಚಿಮ ಬದಿಯಲ್ಲಿ ಮಣ್ಣೊಳಗೆ ಬೆರಳು ನಾಲ್ಕು ಇಂಚು ತೂರಿಸಿ. ಬಿಸಿ ಚುರುಗುಟ್ಟಿದರೆ ಬೇರಿಗೂ ಹಾಗೇ ಅನಿಸುತ್ತಿದೆ. ಮಣ್ಣು 35 ಡಿಗ್ರಿ ದಾಟಿದರೆ ಬೇರು ನೀರು ಎಳೆಯುವುದು ಕಡಿಮೆಯಾಗುತ್ತದೆ, ಮಣ್ಣಲ್ಲಿ ನೀರಿದ್ದರೂ ಗಿಡಕ್ಕೆ ಸಿಗುವುದಿಲ್ಲ, ಆಗ ಗಿಡ ಮೊದಲು ಬಿಟ್ಟುಕೊಡುವುದು ಹೂವನ್ನೇ. ಹೊಲದಲ್ಲಿ ಬೇರು ಆಳಕ್ಕೆ ಹೋಗಿ ತಂಪು ಹುಡುಕಿಕೊಳ್ಳುತ್ತದೆ. ಬ್ಯಾಗಿನಲ್ಲಿ ಹೋಗುವುದೆಲ್ಲಿಗೆ?

ಶಹಾಬಾದ್ ಕಲ್ಲು ಹಾಸಿದ ಮಾಳಿಗೆಯಾಗಲಿ, ಬರೀ ಸಿಮೆಂಟಿನದಾಗಲಿ, ಹಗಲೆಲ್ಲ ಕಾದು ರಾತ್ರಿ ಹನ್ನೊಂದಾದರೂ ಝಳ ಬಿಡುತ್ತಲೇ ಇರುತ್ತದೆ. ಹವಾಮಾನ ವರದಿಯಲ್ಲಿ ರಾತ್ರಿ 26 ಎಂದಿದ್ದರೆ ನಿಮ್ಮ ಗಿಡದ ಬಳಿ ಅದಕ್ಕಿಂತ ಜಾಸ್ತಿ. ಹಾಗಾಗಿ ಬ್ಯಾಗನ್ನು ಇಟ್ಟಿಗೆ, ಹಲಗೆ, ಕಬ್ಬಿಣದ ಸ್ಟ್ಯಾಂಡ್, ಏನಿದೆಯೋ ಅದರ ಮೇಲೆ ಅರ್ಧ ಅಡಿಯಾದರೂ ಎತ್ತಿಡಿ, ಅಡಿಯಿಂದ ಗಾಳಿ ಆಡಬೇಕು. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗೆ ಆನಿಸಿಟ್ಟಿದ್ದರೆ ಮೊದಲು ಅಲ್ಲಿಂದ ತೆಗೆಯಿರಿ. ಮೆಟ್ಟಿಲು ಕೋಣೆ ಅಥವಾ ನೀರಿನ ಟ್ಯಾಂಕಿನ ಪೂರ್ವ ಬದಿ ಒಳ್ಳೆಯ ಜಾಗ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಿಸಿಲು ಸಿಗುತ್ತದೆ, ಕೆಟ್ಟ ಬಿಸಿಲಿನ ಹೊತ್ತಿಗೆ ನೆರಳು ಬರುತ್ತದೆ. ಅಂಗಳದಲ್ಲಿ ಮಣ್ಣು ನೆಲ ಇದ್ದು ಬೆಳಗಿನ ಬಿಸಿಲೂ ಬೀಳುತ್ತಿದ್ದರೆ ಎರಡು ತಿಂಗಳು ಗಿಡಗಳನ್ನು ಕೆಳಗೇ ಇಳಿಸಿಬಿಡಿ, ಮಾಳಿಗೆಗಿಂತ ಅದೇ ಮೇಲು.

ಬ್ಯಾಗ್ ಕಪ್ಪಾಗಿದ್ದರೆ ಸುತ್ತ ಗೋಣಿಚೀಲ ಸುತ್ತಿ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಂದೆರಡು ಸಲ ನೀರು ಚಿಮುಕಿಸಿ. ನಮ್ಮ ಮನೆಯ ಕೂಲರ್ ಕೆಲಸ ಮಾಡುವುದು ಹೇಗೋ ಇದೂ ಹಾಗೇ, ನೀರು ಆವಿಯಾಗುತ್ತಾ ತಂಪು ಮಾಡುತ್ತದೆ, ನಮ್ಮ ಒಣ ಗಾಳಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಂಗಳೂರಿನ ಸೆಖೆಯಲ್ಲಿ ಇದೇ ಉಪಾಯಕ್ಕೆ ಇಷ್ಟು ಫಲ ಸಿಗುವುದಿಲ್ಲ. ಸಂಜೆ ಏಳಕ್ಕೆ ಮಾಳಿಗೆಗೆ ಒಂದೆರಡು ಕೊಡ ನೀರು ಹೊಡೆಯುವ ರೂಢಿ ನಮ್ಮಲ್ಲಿ ಇದ್ದೇ ಇದೆ, ಹಾಸಿಗೆ ಹಾಸುವುದಕ್ಕೆ. ಆ ನೀರನ್ನು ಗಿಡಗಳ ಸುತ್ತಲಿನ ನೆಲಕ್ಕೂ ಹೊಡೆಯಿರಿ. ನೀರಿಗೆ ಬರ ಇರುವ ಓಣಿಯಾದರೆ ತರಕಾರಿ, ಅಕ್ಕಿ ತೊಳೆದ ನೀರನ್ನು ಇದಕ್ಕೇ ಇಟ್ಟುಕೊಳ್ಳಿ.

ಬ್ಯಾಗಿನ ಗಾತ್ರವೂ ನೋಡಿ. 9 ಇಂಚು ಅಗಲ, 9 ಇಂಚು ಎತ್ತರದ ಬ್ಯಾಗಿನಲ್ಲಿ ಹಿಡಿಸುವುದು ಒಂಬತ್ತು ಲೀಟರ್ ಚಿಲ್ಲರೆ ಮಣ್ಣು. 12 ಇಂಚಿನದರಲ್ಲಿ ಸುಮಾರು 22 ಲೀಟರ್. ಮಣ್ಣು ಕಡಿಮೆ ಇದ್ದಷ್ಟು ಬೇಗ ಕಾಯುತ್ತದೆ, ಬೇಗ ಒಣಗುತ್ತದೆ. ಮೆಣಸಿನ ಗಿಡಕ್ಕೆ 12 ಇಂಚು ಸಾಕು, ಟೊಮೆಟೊಗೆ 15 ಇಂಚಿನದು ಒಳ್ಳೆಯದು. ಆದರೆ ಮೇ ತಿಂಗಳ ನಡುವೆ ಬ್ಯಾಗ್ ಬದಲಿಸಲು ಹೋಗಬೇಡಿ, ಬೇರು ಹರಿದು ಗಿಡವೇ ಹೋಗುತ್ತದೆ. ಚಿಕ್ಕ ಬ್ಯಾಗನ್ನು ಹಾಗೇ ದೊಡ್ಡ ಕುಂಡದೊಳಗೆ ಇಳಿಸಿ, ನಡುವಿನ ಸಂದಿಯಲ್ಲಿ ಒದ್ದೆ ಹೊಟ್ಟು ತುಂಬಿಡಿ.

ಹೆಜ್ಜೆ 2: ನೆರಳು, ಅತಿ ಬೇಡ

50 ಪರ್ಸೆಂಟಿನ ಶೇಡ್ ನೆಟ್ ತನ್ನಿ. 75 ಪರ್ಸೆಂಟಿನದು ಅಗ್ಗಕ್ಕೆ ಸಿಕ್ಕರೂ ಬೇಡ, ಬೆಳಕು ಕಡಿಮೆಯಾದರೂ ಟೊಮೆಟೊ ಹೂ ಉದುರಿಸುತ್ತದೆ, ಆಗ ಒಂದು ಕಾರಣ ತೆಗೆದು ಇನ್ನೊಂದು ತಂದಂತೆ. ನೆಟ್ಟನ್ನು ಗಿಡದ ಮೇಲೆ ಹೊದಿಸಬೇಡಿ. ಗಿಡದ ತುದಿಗಿಂತ ಮೂರು ನಾಲ್ಕು ಅಡಿ ಮೇಲೆ ಕಟ್ಟಿ, ಪಶ್ಚಿಮ ಬದಿಗೆ ಒಂದು ಪರದೆ ಥರ ಇಳಿಬಿಡಿ, ಉಳಿದ ಮೂರು ಕಡೆ ತೆರೆದಿರಲಿ. ನಾಲ್ಕೂ ಕಡೆ ಮುಚ್ಚಿದರೆ ಬಿಸಿ ಒಳಗೇ ಕೂರುತ್ತದೆ. ಸಾಧ್ಯವಾದರೆ ಬೆಳಿಗ್ಗೆ ಹನ್ನೊಂದಕ್ಕೆ ಎಳೆದು ಸಂಜೆ ಐದಕ್ಕೆ ಸರಿಸುವಂತೆ ಕಟ್ಟಿ. ರಾತ್ರಿ ಸರಿಸುವುದರಿಂದ ಗಿಡದ ಬಿಸಿ ಆಕಾಶಕ್ಕೆ ಬಿಟ್ಟುಹೋಗುತ್ತದೆ. ನೆಟ್ ಇಲ್ಲದವರು ಹಳೆಯ ಬಿಳಿ ಪಂಚೆ ಕಟ್ಟಿದರೂ ನಡೆಯುತ್ತದೆ, ಮೇ ತಿಂಗಳ ಸಂಜೆಯ ಬಿರುಗಾಳಿಗೆ ಹಾರದಂತೆ ಗಂಟು ಬಿಗಿಯಿರಿ.

ಹೆಜ್ಜೆ 3: ನೀರು

ಬೆಳಿಗ್ಗೆ ಆರರಿಂದ ಏಳರೊಳಗೆ ಒಮ್ಮೆ, ಬ್ಯಾಗಿನ ತೂತಿನಿಂದ ಸ್ವಲ್ಪ ನೀರು ಹೊರಬರುವವರೆಗೆ. 12 ಇಂಚಿನ ಬ್ಯಾಗಿನ ಬೆಳೆದ ಗಿಡಕ್ಕೆ ಮೇ ತಿಂಗಳಲ್ಲಿ ಸುಮಾರು 2 ಲೀಟರ್ ಹಿಡಿಯುತ್ತದೆ. ಸಂಜೆ ಮಣ್ಣು ಎರಡು ಇಂಚು ಕೆಳಗೂ ಒಣಗಿದ್ದರೆ ಇನ್ನೊಂದು ಲೀಟರ್, ತೇವ ಇದ್ದರೆ ಬೇಡ. ಮಧ್ಯಾಹ್ನ ಗಿಡ ಬಾಡಿದಂತೆ ಕಂಡರೆ ಗಾಬರಿಯಾಗಬೇಡಿ. ಸಂಜೆ ಆರಕ್ಕೆ ತಾನೇ ಎದ್ದು ನಿಂತರೆ ನೀರಿನ ಕೊರತೆ ಇಲ್ಲ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಆಗ ಚಿಂತೆ ಮಾಡಬೇಕು. ಮಣ್ಣು ಒದ್ದೆ ಇದ್ದು ಗಿಡ ಬಾಡಿದೆ ಎಂದರೆ ಬೇರು ಕೊಳೆಯುತ್ತಿದೆ, ನೀರು ಹಾಕಿದಷ್ಟೂ ಬೇಗ ಸಾಯುತ್ತದೆ.

ಮಧ್ಯಾಹ್ನ ಪೈಪ್ ಹಿಡಿಯಲೇಬೇಡಿ. ಮಾಳಿಗೆ ಟ್ಯಾಂಕಿನ ನೀರು ಆ ಹೊತ್ತಿಗೆ ಸ್ನಾನಕ್ಕೇ ಸುಡುತ್ತದೆ, ಬೇರಿಗೆ ಹಾಕಿದರೆ ಕೇಳಬೇಕೆ. ಬೆಳಿಗ್ಗೆಯೂ ಬಿಸಿಲಿಗೆ ಬಿದ್ದಿದ್ದ ಪೈಪಿನ ಮೊದಲ ನೀರನ್ನು ಹೊರಗೆ ಬಿಟ್ಟು ಆಮೇಲೆ ಗಿಡಕ್ಕೆ ಹಿಡಿಯಿರಿ.

ಎರೆ ಮಣ್ಣನ್ನೇ ಬ್ಯಾಗಿಗೆ ತುಂಬಿದವರಿಗೆ ಇನ್ನೊಂದು ತೊಂದರೆ. ಅದು ಒಣಗಿ ಬಿರಿದು ಬ್ಯಾಗಿನ ಗೋಡೆ ಬಿಟ್ಟುಕೊಳ್ಳುತ್ತದೆ, ಹಾಕಿದ ನೀರು ಸಂದಿಯಿಂದ ಇಳಿದು ತೂತಿನಿಂದ ಹೊರಗೆ, ನಡುವಿನ ಮಣ್ಣು ಒಣ. ನೀರು ಹಾಕಿದ ಕೂಡಲೇ ಕೆಳಗೆ ಹರಿದರೆ ಇದೇ ಆಗಿರುವುದು. ಬೆರಳಿಂದ ಸಂದಿ ಮುಚ್ಚಿ, ನೀರನ್ನು ಮೂರು ಕಂತಿನಲ್ಲಿ, ನಡುವೆ ಹತ್ತು ನಿಮಿಷ ಬಿಟ್ಟು ಹಾಕಿ. ಬೋರ್‌ವೆಲ್ ನೀರು ಸವಳಾಗಿದ್ದು ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಹದಿನೈದು ದಿನಕ್ಕೊಮ್ಮೆ ಕುಡಿಯುವ ನೀರು ಅಥವಾ ನಲ್ಲಿ ನೀರನ್ನು ಧಾರಾಳವಾಗಿ ಹಾಕಿ ಉಪ್ಪು ತೊಳೆದು ಬಿಡಿ.

ಮೇಲೆ ಎರಡು ಇಂಚು ಹೊದಿಕೆ ಹಾಕಿ. ತೊಗರಿ ಹೊಟ್ಟು ನಮ್ಮ ಕಡೆ ಸಲೀಸಾಗಿ ಸಿಗುತ್ತದೆ, ಜೋಳದ ಕಣಕಿ ಸಣ್ಣಗೆ ಕತ್ತರಿಸಿ ಹಾಕಿದರೂ ಸರಿ. ಕಾಂಡಕ್ಕೆ ಒತ್ತಿಕೊಂಡಿರದಂತೆ ಒಂದು ಬೆರಳಷ್ಟು ಜಾಗ ಬಿಡಿ.

ಹೆಜ್ಜೆ 4: ಹೂ ತಟ್ಟುವುದು

ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ, ಅರಳಿದ ಗೊಂಚಲಿನ ತೊಟ್ಟಿಗೆ ಬೆರಳಿಂದ ಮೆಲ್ಲಗೆ ಟಕಟಕ ಹೊಡೆಯಿರಿ, ಅಥವಾ ಬ್ಯಾಟರಿಯ ಟೂತ್‌ಬ್ರಷ್ ಹಿಂಬದಿಯನ್ನು ಎರಡು ಮೂರು ಸೆಕೆಂಡು ತಾಗಿಸಿ. ಹತ್ತು ಗಂಟೆ ಮೇಲೆ ಒಣ ಗಾಳಿಗೆ ಕಡ್ಡಿಯ ತುದಿಯ ಅಂಟು ಆರಿಹೋಗುತ್ತದೆ, ಪುಡಿ ಬಿದ್ದರೂ ನಿಲ್ಲುವುದಿಲ್ಲ. ಕಡ್ಡಿ ಕೊಳವೆಯಿಂದ ಹೊರಗೆ ಚಾಚಿದ್ದರೆ ಪುಡಿಯನ್ನು ಬೆರಳ ಉಗುರಿನ ಮೇಲೆ ಉದುರಿಸಿಕೊಂಡು ಕಡ್ಡಿಯ ತುದಿಗೆ ಒತ್ತಿ. ಮಾರ್ಚ್, ಏಪ್ರಿಲ್ ಮೊದಲ ವಾರಗಳಲ್ಲಿ ಇದರಿಂದ ಕಣ್ಣಿಗೆ ಕಾಣುವಷ್ಟು ಕಾಯಿ ಜಾಸ್ತಿ ನಿಲ್ಲುತ್ತದೆ. ಮೇ ತಿಂಗಳ ನಡುವೆ ಪುಡಿಯಲ್ಲೇ ಜೀವ ಇಲ್ಲದಾಗ ಎಷ್ಟು ತಟ್ಟಿದರೂ ಅಷ್ಟೇ.

ಗೊಬ್ಬರ, ಔಷಧಿ

ಹೆಚ್ಚು ಹೇಳುವುದಿಲ್ಲ. ಯೂರಿಯಾ, ಶೇಂಗಾ ಹಿಂಡಿ, ಹಸಿ ಸಗಣಿ ನೀರು ಮಳೆ ಬರುವವರೆಗೆ ನಿಲ್ಲಿಸಿ. ಹಳೆಯ ಎರೆಗೊಬ್ಬರ ತಿಂಗಳಿಗೆ ಎರಡು ಮುಷ್ಟಿ ಸಾಕು. ಬಾಳೆಸಿಪ್ಪೆ ನೀರಿಂದ ಹೂ ನಿಲ್ಲುತ್ತದೆ ಎಂಬುದನ್ನು ನಾನು ನಂಬುವುದಿಲ್ಲ.

ಅಂಗಡಿಯಲ್ಲಿ ಹೂ ಉದುರುವುದಕ್ಕೆಂದು ಕೊಡುವುದು ಸಾಮಾನ್ಯವಾಗಿ ನ್ಯಾಫ್ತಲಿನ್ ಅಸಿಟಿಕ್ ಆಸಿಡ್ 4.5 ಪರ್ಸೆಂಟಿನ ದ್ರಾವಣ. ಇದು ಗೊಬ್ಬರವಲ್ಲ, ತೊಟ್ಟು ಕಳಚುವುದನ್ನು ತಡೆಯುವ ಹಾರ್ಮೋನು. ಮೆಣಸಿನ ಬೆಳೆಗೆ ಇದರ ಶಿಫಾರಸು ಇದೆ, ಪ್ರಮಾಣ ನಾಲ್ಕೂವರೆ ಲೀಟರ್ ನೀರಿಗೆ 1 ಮಿಲಿ, ಹೂ ಬಿಡುವ ಹೊತ್ತಿಗೆ ಒಮ್ಮೆ, ಸುಮಾರು ತಿಂಗಳ ನಂತರ ಮತ್ತೊಮ್ಮೆ. ನಾಲ್ಕು ಗಿಡಕ್ಕೆ ಅರ್ಧ ಲೀಟರ್ ಸಾಕಲ್ವಾ ಅಂತ ಅಂದಾಜಿನಲ್ಲಿ ಮುಚ್ಚಳದಿಂದ ಸುರಿಯುವುದೇ ಇಲ್ಲಿ ನಡೆಯುವ ಅನಾಹುತ. ಪ್ರಮಾಣ ಮೀರಿದರೆ ಇದೇ ಔಷಧಿ ಹೂ ಉದುರಿಸುತ್ತದೆ, ಎಲೆ ಸುರುಟುತ್ತದೆ. ಸೂಜಿಯಿಲ್ಲದ ಸಿರಿಂಜಿನಿಂದ 1 ಮಿಲಿ ಅಳೆದು ನಾಲ್ಕೂವರೆ ಲೀಟರಿಗೇ ಕಲಸಿ, ಬೇಕಾದಷ್ಟು ಸಿಂಪಡಿಸಿ, ಉಳಿದದ್ದನ್ನು ಪಕ್ಕದ ಮನೆಯ ಮೆಣಸಿನ ಗಿಡಕ್ಕೆ ಕೊಡಿ. ಬೇರು ಕಾಯುತ್ತಿರುವ ಬ್ಯಾಗಿಗೆ ಇದನ್ನು ಹೊಡೆದು ಫಲವಿಲ್ಲ, ಮೊದಲ ಮೂರು ಹೆಜ್ಜೆ ಆದ ಮೇಲೆ ಮಾತ್ರ. ಟೊಮೆಟೊಗೆ ನಾನು ಹೇಳುವುದಿಲ್ಲ, ಬೀಜವಿಲ್ಲದ ಪೊಳ್ಳು ಕಾಯಿ ಬರುವುದೇ ಜಾಸ್ತಿ.

ಒಂದು ಮನೆಯ ಲೆಕ್ಕ

ನಮ್ಮ ಓಣಿಯ ವೈನಿ ಒಬ್ಬರ ಮಾಳಿಗೆಯಲ್ಲಿ ನಾಲ್ಕು ಟೊಮೆಟೊ, ಎರಡು ಮೆಣಸಿನ ಗಿಡ. ಏಪ್ರಿಲ್ ಎರಡನೇ ವಾರ ಹೂ ಎಲ್ಲ ನೆಲಕ್ಕೆ. ನೋಡಿದರೆ 9 ಇಂಚಿನ ಕಪ್ಪು ಬ್ಯಾಗು, ಫರಸಿ ಮೇಲೆ ನೇರವಾಗಿ, ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗೆ ಆನಿಸಿ. ಅಡುಗೆ ಮುಗಿದ ಮೇಲೆ ಮಧ್ಯಾಹ್ನ ಒಂದಕ್ಕೆ ಪೈಪಿನಿಂದ ನೀರು. ವಾರಕ್ಕೊಮ್ಮೆ ಶೇಂಗಾ ಹಿಂಡಿ. ಟೊಮೆಟೊ ಹೂವಿನ ಕಡ್ಡಿ ಹೊರಗೆ ಚಾಚಿತ್ತು, ಮೆಣಸಿನ ಹೂವಿನಲ್ಲಿ ಹುಳ ಇರಲಿಲ್ಲ. ಔಷಧಿ ತರುವೆ ಎಂದರು, ತಡೆದೆವು.

ಬ್ಯಾಗುಗಳನ್ನು ಟ್ಯಾಂಕಿನ ಪೂರ್ವಕ್ಕೆ ಸರಿಸಿ ಇಟ್ಟಿಗೆ ಮೇಲೆ ಇಟ್ಟದ್ದಾಯಿತು. ಗೋಣಿಚೀಲ ಸುತ್ತಿ, ತೊಗರಿ ಹೊಟ್ಟು ಹೊದಿಸಿ, ನೀರನ್ನು ಬೆಳಿಗ್ಗೆ ಆರಕ್ಕೆ ಬದಲಿಸಿದರು. ಹಿಂಡಿ ನಿಲ್ಲಿಸಿದರು. ನೆಟ್ ಕೊಳ್ಳಲಿಲ್ಲ, ಟ್ಯಾಂಕಿನ ನೆರಳೇ ಸಾಕಾಯಿತು. ಮೊದಲ ವಾರ ಹೂ ಬೀಳುತ್ತಲೇ ಇತ್ತು, ಹಳೆಯ ಮೊಗ್ಗುಗಳು ಅವು. ಎರಡು ವಾರ ದಾಟಿದ ಮೇಲೆ ಮೆಣಸಿನ ಗಿಡ ಎರಡೂ ಕಾಯಿ ಹಿಡಿದವು, ಸ್ವಲ್ಪ ಗಿಡ್ಡ ಕಾಯಿ, ಆದರೆ ಮನೆಯ ಚಟ್ನಿಗೆ ಸಾಲುವಷ್ಟು. ಟೊಮೆಟೊ ಒಂದೆರಡು ಗೊಂಚಲಲ್ಲಿ ಮಾತ್ರ ನಿಂತಿತು. ಮೇ ಬಂದು ರಾತ್ರಿ ಇನ್ನೂ ಕಾದಾಗ ಅದೂ ನಿಂತುಹೋಯಿತು. ಬ್ಯಾಗಿನ ಬಿಸಿ ಇಳಿಸಿದರೂ ರಾತ್ರಿಯ ಗಾಳಿಯನ್ನು ಯಾರೂ ತಂಪು ಮಾಡಲಾಗುವುದಿಲ್ಲ ನೋಡಿ.

ಹೆಜ್ಜೆ 5: ಮೇ ತಿಂಗಳಲ್ಲಿ ಟೊಮೆಟೊವನ್ನು ಕತ್ತರಿಸಿ ಉಳಿಸಿಕೊಳ್ಳುವುದು

ಎರಡು ವಾರ ಎಲ್ಲ ಮಾಡಿಯೂ ಟೊಮೆಟೊದಲ್ಲಿ ಹೊಸ ಕಾಯಿ ಇಲ್ಲ ಎಂದಾದರೆ ಕಾಯಿಯ ಆಸೆ ಬಿಟ್ಟು ಗಿಡ ಉಳಿಸಿ. ಎಲೆ ಮುದುಡಿದ, ಚುಕ್ಕೆ ರೋಗ ಹತ್ತಿದ ಗಿಡವನ್ನು ಕಿತ್ತು ಹಾಕಿ, ಅದಕ್ಕೆ ಇದು ಬೇಡ. ಆರೋಗ್ಯವಾಗಿರುವುದನ್ನು ಮೇ ಕೊನೆಯ ವಾರದಲ್ಲಿ, ಸಂಜೆ ಹೊತ್ತು, ಬುಡದಿಂದ ಒಂದು ಅಡಿ ಬಿಟ್ಟು ಕತ್ತರಿಸಿ. ಉಳಿದ ಕಾಂಡದಲ್ಲಿ ನಾಲ್ಕೈದು ಹಸಿರು ಎಲೆ ಇರಲೇಬೇಕು, ಬರೀ ಕೋಲು ಬಿಟ್ಟರೆ ಮತ್ತೆ ಚಿಗುರುವುದಿಲ್ಲ. ಎಲೆ ಕಡಿಮೆಯಾದ್ದರಿಂದ ನೀರೂ ಅರ್ಧಕ್ಕೆ ಇಳಿಸಿ. ಮೆಣಸಿನ ಗಿಡವನ್ನು ಇಷ್ಟು ಕತ್ತರಿಸಬೇಡಿ, ತುದಿಗಳನ್ನು ಮೂರನೇ ಒಂದು ಭಾಗ ಚಿವುಟಿದರೆ ಸಾಕು.

ಮುಂಗಾರು ಹಿಡಿದು ಎರಡು ಮೂರು ಒಳ್ಳೆ ಮಳೆ ಆದ ಮೇಲೆ ನೆಟ್ ಪೂರ್ತಿ ತೆಗೆಯಿರಿ, ಗೋಣಿ ಬಿಚ್ಚಿ, ಬ್ಯಾಗಿನ ತೂತು ಕಟ್ಟಿಕೊಂಡಿದ್ದರೆ ಕಡ್ಡಿ ಹಾಕಿ ಬಿಡಿಸಿ. ಆಗ ಎರೆಗೊಬ್ಬರ ನಾಲ್ಕು ಮುಷ್ಟಿ ಹಾಕಿ ಮೇಲಿನ ಮಣ್ಣು ಸಡಿಲಿಸಿ. ಕತ್ತರಿಸಿದ ಟೊಮೆಟೊ ಚಿಗುರಿ, ಜುಲೈಯಲ್ಲಿ ಬಿಡುವ ಹೂ ಕಾಯಿಯಾಗುತ್ತದೆ, ಆ ಹೊತ್ತಿಗೆ ನಮ್ಮ ಕಡೆ ರಾತ್ರಿ 22, 23ಕ್ಕೆ ಇಳಿದಿರುತ್ತದೆ. ಹೊಸದಾಗಿ ಹಚ್ಚುವವರು ಮೇ ನಡುವೆ ನೆರಳಲ್ಲಿ ಬೀಜ ಹಾಕಿ ಜೂನಿನಲ್ಲಿ ಬ್ಯಾಗಿಗೆ ನಾಟಿ ಮಾಡಬಹುದು. ಮುಂದಿನ ಬೇಸಿಗೆಗೆ ಮೊದಲೇ ಹಣ್ಣು ಕೊಯ್ಯಬೇಕೆಂದರೆ ಅಕ್ಟೋಬರ್ ಕೊನೆಗೆ ಬೀಜ ಬೀಳಬೇಕು, ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಲು ಬರುತ್ತದೆ. ಬಿಸಿಲಲ್ಲೂ ಪ್ರಯತ್ನ ಮಾಡಿಯೇ ತೀರುತ್ತೇನೆ ಎನ್ನುವವರು ದೆಹಲಿಯ ಪೂಸಾ ಸಂಸ್ಥೆಯ ಪೂಸಾ ಸದಾಬಹಾರ್ ಬೀಜ ಹುಡುಕಿ, ರಾತ್ರಿ ಬಿಸಿ ಇದ್ದರೂ ಕಾಯಿ ಕಟ್ಟಲೆಂದೇ ಬೆಳೆಸಿದ ತಳಿ ಅದು. ಹಣ್ಣು ಚಿಕ್ಕದು, ಸಾರಿಗೆ ಸಾಕು.